ಸಾಲು ಮುರಿದದ್ದು ಯಾರು?

ಮೊಬೈಲಿನಲ್ಲಿ ಬಂದ ಬರಹವನ್ನು ಓದುವಾಗ ಸಾಲು ಎಲ್ಲಿ ಮುಗಿಯಿತು ಎಂದು ಯಾರೂ ಕೇಳುವುದಿಲ್ಲ. ಬಲಗಡೆ ಜಾಗ ಮುಗಿಯಿತು, ಕಣ್ಣು ಕೆಳಗಿಳಿಯಿತು, ಅಷ್ಟೇ. ಆದರೆ ಆ ಪರದೆಯ ಚಿತ್ರ ತೆಗೆದು, ಅಂದರೆ ಸ್ಕ್ರೀನ್‌ಶಾಟ್ ಹೊಡೆದು, ಇನ್ನೊಬ್ಬರಿಗೆ ಕಳಿಸಿ ‘ಇದನ್ನು ಟೈಪ್ ಮಾಡಿ ಕೊಡಿ’ ಅಂದರೆ ಜಗಳ ಶುರುವಾಗುತ್ತದೆ. ಚಿತ್ರದಲ್ಲಿ ಕಾಣುವ ಸಾಲುಗಳಲ್ಲಿ ಕೆಲವನ್ನು ಬರೆದವರು ಮುರಿದಿರುತ್ತಾರೆ, ಕೆಲವನ್ನು ಮೊಬೈಲು ಮುರಿದಿರುತ್ತದೆ. ಯಾವುದು ಯಾರದೆಂದು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಬರೆದವರು ಎಂಟರ್ ಒತ್ತಿ ಮುರಿದ ಕಡೆ ಬರಹದೊಳಗೇ ಒಂದು ಗುರುತು ಕೂತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಅದೂ ಒಂದು ಅಕ್ಷರವೇ. ಬರಹವನ್ನು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಸಾಮಾನ್ಯವಾಗಿ ಅದೂ ಜೊತೆಗೇ ಹೋಗುತ್ತದೆ. ಪರದೆ ಮುರಿದ ಕಡೆ ಹಾಗಲ್ಲ, ಅಲ್ಲಿ ಏನೂ ಇಲ್ಲ. ಮೊಬೈಲನ್ನು ಅಡ್ಡ ಹಿಡಿಯಿರಿ, ಅಕ್ಷರದ ಗಾತ್ರ ಹಿಗ್ಗಿಸಿ ಕುಗ್ಗಿಸಿ, ಪರದೆ ಮುರಿದದ್ದೆಲ್ಲ ಜಾಗ ಬದಲಿಸುತ್ತದೆ, ಬರೆದವರು ಮುರಿದದ್ದು ಕದಲುವುದಿಲ್ಲ. ಪತ್ತೆಗೆ ಇದಕ್ಕಿಂತ ಸುಲಭದ ದಾರಿ ಬೇಡ. ಆದರೆ ಸ್ಕ್ರೀನ್‌ಶಾಟ್ ಎಂಬುದು ಚಿತ್ರ. ಚಿತ್ರವನ್ನು ಅಡ್ಡ ಹಿಡಿದರೆ ಅಕ್ಷರಗಳೂ ಅಡ್ಡ ಮಲಗುತ್ತವೆ.

ಇಷ್ಟೆಲ್ಲ ಯೋಚನೆ ಬಂದದ್ದು ಕೋಟುಮಚಗಿಯ ನಮ್ಮ ಕಾಕಾ ಅವರ ದೆಸೆಯಿಂದ. ಅವರು ಸಾಲಿ ಮಾಸ್ತರರಾಗಿ ನಿವೃತ್ತರಾದವರು. ಶ್ರಾವಣ ಬಂದರೆ ಗದುಗಿನ ಭಾರತ ತೆಗೆದು ಕಟ್ಟೆಯ ಮೇಲೆ ಕೂತು ರಾಗವಾಗಿ ಓದುವವರು. ಆ ಊರಿನಿಂದ ಗದುಗಿನ ವೀರನಾರಾಯಣ ಗುಡಿಗೆ ಬಸ್ಸಿನಲ್ಲಿ ಹೋಗಿ ಬರಬಹುದಾದ್ದರಿಂದ, ಆ ಗುಡಿಯ ಕಂಬಕ್ಕೆ ಒರಗಿ ಭಾರತ ಬರೆದನೆನ್ನುವ ಕುಮಾರವ್ಯಾಸನನ್ನು ಕಾಕಾ ನೆರೆಮನೆಯವನೆಂದೇ ಭಾವಿಸಿದ್ದಾರೆ. ಅವರ ಮಗ ಮನೆ ಕಟ್ಟಿಸಿದ. ವಾಸ್ತುಶಾಂತಿಯ ಕಾರ್ಡಿಗೆ ಪದ್ಯ ಬೇಕಲ್ಲ? ನೆರೆಮನೆಯವನ ಭಾಮಿನಿ ಷಟ್ಪದಿಯಲ್ಲೇ ಕಾಕಾ ಒಂದು ಪದ್ಯ ಕಟ್ಟಿ, ದೊಡ್ಡಕ್ಷರ ಇಟ್ಟುಕೊಂಡ ತಮ್ಮ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಟೈಪು ಮಾಡಿದರು. ಮೊಮ್ಮಗಳು ಅದರ ಸ್ಕ್ರೀನ್‌ಶಾಟ್ ಹೊಡೆದು ನನಗೆ ಕಳಿಸಿದಳು. ನಾನು ಗದಗಿನ ಒಂದು ಪ್ರೆಸ್ಸಿಗೆ ಕಳಿಸಿದೆ. ಗದಗು ಮುದ್ರಣಕ್ಕೆ ಹೆಸರಾದ ಊರು, ಅಲ್ಲಿ ಕಾರ್ಡು ಅಚ್ಚು ಹಾಕಿಸುವುದು ಕಷ್ಟವೇನಲ್ಲ.

ಕಷ್ಟ ಬಂದದ್ದು ಡಿಟಿಪಿ ಹುಡುಗನ ಫೋನಿನಿಂದ. “ಸರ, ಇದು ಎಂಟು ಸಾಲಿನ ಪದ್ಯ ಐತೇನ್ರಿ? ಅದರಾಗ ಎರಡು ಸಾಲು ಒಂದೊಂದ ಶಬ್ದದ್ದು ಅದಾವು. ಡಿಸೈನ್‌ಗೆ ಹಂಗ ಬರದಾರೋ, ಏನ್ ಹೆಂಗ್ರಿ?”

ಅವನ ಮುಂದಿದ್ದ ಚಿತ್ರದಲ್ಲಿ ಪದ್ಯ ಹೀಗಿತ್ತು:

ಮನೆಯ ಕಟ್ಟಿದೆವಿಂದು ಹರುಷದಿ
ಜನರು ಬರಲೆಂದೊಲಿದು ಕರೆವೆವು
ದಿನದ ಮೊದಲೂಟಕ್ಕೆ ಕೋಟುಮಚಗಿಗೆ
ಬಂದಿಳಿದು
ಮನದಣಿಯೆ ಹೋಳಿಗೆಯ ಸವಿರುಚಿ
ಯನು ಸವಿದು ನವಗೃಹವ ಹರಸುತ
ಕನಸು ನನಸಾದೆಮ್ಮ ಸಂಭ್ರಮಕೆಲ್ಲ
ದಯಮಾಡಿ

ಮೂರು ವರ್ಷ ಎಳೆದಾಡಿದ ಮನೆಯನ್ನು ‘ಇಂದು ಕಟ್ಟಿದೆವು’ ಎಂದದ್ದು ಕಾಕಾ ಅವರ ಮಗನಿಗೆ ಸರಿಬರಲಿಲ್ಲವಂತೆ. ಮಾತ್ರೆ ಕೂಡಿದ ಮೇಲೆ ಗೌಂಡಿಯ ಲೆಕ್ಕ ಯಾರಿಗೆ ಬೇಕು ಎಂದು ಕಾಕಾ ಅವನ ಬಾಯಿ ಮುಚ್ಚಿಸಿದ್ದರು. ಅದಿರಲಿ. ಪದ್ಯ ಬರೆದವರನ್ನೇ ಕೇಳಿಬಿಡೋಣ ಎಂದರೆ ಕಾಕಾ ಹೊಲಕ್ಕೆ ಹೋಗಿದ್ದರು. ಹೊಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕರೂ ಅವರು ಎತ್ತುವುದಿಲ್ಲ. ಹುಡುಗ ಸಂಜೆಯೊಳಗೆ ಪ್ಲೇಟಿಗೆ ಕೊಡಬೇಕು ಎನ್ನುತ್ತಿದ್ದ.

ಚಿತ್ರದಿಂದ ಅಕ್ಷರ ಎತ್ತಿಕೊಡುವ ಆ್ಯಪೊಂದರಲ್ಲಿ ಅವನು ಆಗಲೇ ಒಂದು ಕೈ ನೋಡಿದ್ದ. ಅಂಥ ಆ್ಯಪುಗಳಿಗೆ ಚಿತ್ರದಲ್ಲಿ ಕಂಡ ಸಾಲೆಲ್ಲ ಸಾಲೇ. ಅದು ಎಂಟೂ ಸಾಲಿನ ಕೊನೆಗೆ ನಿಷ್ಠೆಯಿಂದ ಒಂದೊಂದು ಎಂಟರ್ ಕೊಟ್ಟು ಕೈತೊಳೆದುಕೊಂಡಿತ್ತು. ಇಲ್ಲಿಯ ಅಪಾಯ ಇದೇ. ಪರದೆ ಮುರಿದದ್ದು ಚಿತ್ರದಲ್ಲಿ ಬರಿಯ ನೋಟ, ಟೈಪಾದ ಕೂಡಲೇ ಅದು ನಿಜವಾದ ಎಂಟರ್ ಆಗಿಬಿಡುತ್ತದೆ. ಆಮೇಲೆ ಅದನ್ನು ಇನ್ನೊಂದು ಅಳತೆಯ ಜಾಗಕ್ಕೆ ಸುರಿದರೆ ಹಳೆಯ ಮುರಿತಗಳೂ ಉಳಿದು ಹೊಸವೂ ಸೇರುತ್ತವೆ. ಅವನು ಕಳಿಸಿದ ಮೊದಲ ಪ್ರೂಫಿನಲ್ಲಿ ಆದದ್ದೂ ಅದೇ. ಕಾರ್ಡಿನ ಪುಟ ಕಿರಿದು, ಅಕ್ಷರ ದಪ್ಪ. ‘ಹರುಷದಿ’ ಒಂಟಿ, ‘ಕರೆವೆವು’ ಒಂಟಿ, ‘ಬಂದಿಳಿದು’ ಒಂಟಿ. ಉದ್ದ ಸಾಲೊಂದು ಒಂಟಿ ಶಬ್ದವೊಂದು, ಹೀಗೆ ಕೆಳಗಿನವರೆಗೂ ಬಾಚಣಿಗೆಯ ಹಲ್ಲಿನಂತೆ ಇಳಿದಿತ್ತು. ಹೀಗೆ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಬರಹ ಕಂಡರೆ ಯಾವುದೋ ಪರದೆಯ ಮುರಿತ ಒಳಗೆ ಸೇರಿಕೊಂಡಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಪದ್ಯದ ಕೆಳಗೆ ಒಂದು ಮಾತಿನ ಸಾಲೂ ಇತ್ತು. ಚಿತ್ರದಲ್ಲಿ ಅದು ‘ದಯವಿಟ್ಟು ಮಕ್ಕಳನ್ನು ಬಿಟ್ಟು’ ಎಂಬಲ್ಲಿಗೆ ನಿಂತು, ಕೆಳಗಿನ ಸಾಲಿಗೆ ‘ಬರಬಾರದು’ ಎಂದು ಇಳಿದಿತ್ತು. ಹುಡುಗ ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ನಡುವೆ ಕೂಡಿಸಿ, ‘ಬರಬಾರದು’ ಎಂಬುದನ್ನು ಸಣ್ಣದು ಮಾಡಿ ಕೆಳಗಿಟ್ಟಿದ್ದ. ಆ ಕಾರ್ಡು ಹಾಗೇ ಹಂಚಿಕೆಯಾಗಿದ್ದರೆ ಊರ ಹುಡುಗರೆಲ್ಲ ಹೋಳಿಗೆಗೆ ಎರವಾಗುತ್ತಿದ್ದರು. ಮಾತಿನ ಸಾಲಿನ ನ್ಯಾಯ ಸುಲಭ: ವಾಕ್ಯ ಮುಗಿಯುವವರೆಗೆ ಕೂಡಿಸಿಕೊಂಡು ಹೋಗು, ಜಾಗ ಮುಗಿದಲ್ಲಿ ಮುರಿಯುವ ಕೆಲಸವನ್ನು ಕಾಗದಕ್ಕೆ ಬಿಡು. ವಿಳಾಸ, ದಿನಾಂಕ, ಆಮಂತ್ರಿಸುವವರ ಹೆಸರುಗಳು ಮಾತ್ರ ಒಂದೊಂದು ಸಾಲಿಗೆ ಒಂದೊಂದು ಬರಬೇಕು. ‘ಇತಿ ತಮ್ಮ ಆಗಮನಾಭಿಲಾಷಿಗಳು’ ಆದ ಮೇಲೆ ಹಿರಿಯರ ಹೆಸರನ್ನೂ ಅಳಿಯನ ಹೆಸರನ್ನೂ ಒಂದೇ ಸಾಲಿಗೆ ತುರುಕಿದರೆ ಆಗುವ ಅನಾಹುತಕ್ಕೆ ವ್ಯಾಕರಣದಲ್ಲಿ ಪರಿಹಾರವಿಲ್ಲ.

ಪದ್ಯದ ನ್ಯಾಯ ಅಷ್ಟು ಸುಲಭವಲ್ಲ. ಅಲ್ಲಿ ಸಾಲು ಮುಗಿದಲ್ಲಿ ಅರ್ಥ ಮುಗಿಯಬೇಕೆಂದಿಲ್ಲ. ಹಾಗಾಗಿ ಮೊದಲು ಅರ್ಥ ಬಿಟ್ಟು ಅಳತೆ ಹಿಡಿಯೋಣ ಎಂದುಕೊಂಡೆ. ಮೊಬೈಲು ಸಾಲು ಮುರಿಯುವ ರೀತಿ ಸಾಮಾನ್ಯವಾಗಿ ಒಂದೇ. ಹಿಡಿಯುವಷ್ಟು ಶಬ್ದಗಳನ್ನು ಸಾಲಿಗೆ ತುಂಬುತ್ತದೆ, ಮುಂದಿನ ಶಬ್ದ ಹಿಡಿಯದಿದ್ದರೆ ಅದನ್ನು ಇಡಿಯಾಗಿ ಕೆಳಗಿಳಿಸುತ್ತದೆ. ಇದರಿಂದ ಒಂದು ಪರೀಕ್ಷೆ ಹುಟ್ಟುತ್ತದೆ. ಯಾವುದೇ ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗ ನೋಡಿ, ಕೆಳಗಿನ ಸಾಲಿನ ಮೊದಲ ಶಬ್ದ ನೋಡಿ. ಆ ಶಬ್ದ ಆ ಖಾಲಿ ಜಾಗದಲ್ಲಿ ಹಿಡಿಯುವಂತಿದ್ದರೆ, ಮೊಬೈಲಿಗೆ ಅಲ್ಲಿ ಮುರಿಯುವ ಕಾರಣವೇ ಇರಲಿಲ್ಲ, ಅದು ಬರೆದವರದೇ ಎಂಟರ್. ಹಿಡಿಯುವಂತಿಲ್ಲದಿದ್ದರೆ ಏನನ್ನೂ ಹೇಳಲಾಗದು. ಮೊಬೈಲೇ ಮುರಿದಿರಬಹುದು, ಬರೆದವರೂ ಸರಿಯಾಗಿ ಅಲ್ಲಿಯೇ ಎಂಟರ್ ಒತ್ತಿರಬಹುದು. ಅಂದರೆ ಈ ಪರೀಕ್ಷೆ ಎಂಟರ್ ಇದೆ ಎಂದು ಸಾಧಿಸಬಲ್ಲದು, ಇಲ್ಲ ಎಂದು ಸಾಧಿಸಲಾರದು.

ಅಳೆಯಲು ದೊಡ್ಡ ಸಾಧನ ಬೇಡ, ಕಾಗದದ ಒಂದು ಪಟ್ಟಿ ಸಾಕು. ಚಿತ್ರವನ್ನು ಕಂಪ್ಯೂಟರಿನ ಪರದೆಗೆ ಹಾಕಿ, ಕೆಳಸಾಲಿನ ಮೊದಲ ಶಬ್ದದ ಉದ್ದವನ್ನು ಪಟ್ಟಿಯ ಮೇಲೆ ಗುರುತು ಹಾಕಿ, ಮೇಲುಸಾಲಿನ ಕೊನೆಗೆ ಹಿಡಿಯಬೇಕು. ಶಬ್ದಗಳ ನಡುವಿನ ಜಾಗವನ್ನು ಮರೆಯಬಾರದು. ಬಲಗಡೆಯ ಅಂಚು ಎಲ್ಲಿ ಎಂಬುದರಲ್ಲೂ ಒಂದು ಮೋಸ ಇದೆ. ಮಾತುಕತೆಯ ಆ್ಯಪಿನಲ್ಲಿ ಸಂದೇಶದ ಹಸಿರು ಪೆಟ್ಟಿಗೆ ತನ್ನ ಅತಿ ಉದ್ದದ ಸಾಲಿಗೆ ತಕ್ಕಂತೆ ಕುಗ್ಗಿ ನಿಲ್ಲುತ್ತದೆ. ಪೆಟ್ಟಿಗೆಯ ಅಂಚೇ ಪರದೆ ಕೊಟ್ಟ ಗಡಿ ಎಂದು ನಂಬಿದರೆ ಲೆಕ್ಕ ತಪ್ಪುತ್ತದೆ. ಅದೇ ಚಿತ್ರದಲ್ಲಿ ಮೇಲೆ ಕೆಳಗೆ ಉದ್ದದ ಸಂದೇಶ ಬೇರೆ ಇದ್ದರೆ ಅದರ ಅಂಚನ್ನು ನೋಡಬೇಕು. ನಮ್ಮ ಪುಣ್ಯಕ್ಕೆ ಕಾಕಾ ಪದ್ಯದ ಮೇಲೆ ಮೊಮ್ಮಗಳಿಗೆ ಉದ್ದಾನುದ್ದ ಬೈದಿದ್ದರು. ಗಡಿ ಸಿಕ್ಕಿತು.

ಸುಮಾರು 17 ಅಕ್ಷರದ ಗಡಿ. ನಡುವಿನ ಖಾಲಿ ಜಾಗವನ್ನೂ ಒಂದು ಅಕ್ಷರವೆಂದು ಹಿಡಿದ ಲೆಕ್ಕವಿದು. ಸುಮಾರು ಅಂದದ್ದೇಕೆಂದರೆ ಕನ್ನಡದಲ್ಲಿ ಅಕ್ಷರಗಳ ಮೈ ಒಂದೇ ಸಮ ಇಲ್ಲ, ‘ಯ’ ಹರಡಿಕೊಂಡು ಕೂರುತ್ತದೆ, ‘ರ’ ಸೊಂಟ ಕಟ್ಟಿ ನಿಲ್ಲುತ್ತದೆ. ಮೊದಲ ಸಾಲು 14 ಅಕ್ಷರಕ್ಕೆ ಮುಗಿದಿದೆ, ಉಳಿದದ್ದು 3. ‘ಜನರು’ ಬರಲು ನಡುವಿನ ಜಾಗ ಸೇರಿ 4 ಬೇಕು. ಹಿಡಿಯುವುದಿಲ್ಲ, ಹಾಗಾಗಿ ಅನುಮಾನ. ಎರಡನೆಯದು 15ಕ್ಕೆ ಮುಗಿದಿದೆ, ‘ದಿನದ’ ಹಿಡಿಯುವುದಿಲ್ಲ, ಅನುಮಾನ. ಮೂರನೆಯದರಲ್ಲಿ ‘ಬಂದಿಳಿದು’ ಹಿಡಿಯುವುದಿಲ್ಲ, ಅನುಮಾನ. ‘ಬಂದಿಳಿದು’ ಎಂಬ ಒಂಟಿ ಸಾಲಿನ ಪಕ್ಕ ಮಾತ್ರ ಎತ್ತು ಕಟ್ಟುವಷ್ಟು ಬಯಲು. ‘ಮನದಣಿಯೆ’ ಅಲ್ಲಿ ಆರಾಮಾಗಿ ಕೂರಬಹುದಿತ್ತು. ಕೂರಲಿಲ್ಲವೆಂದರೆ ಅಲ್ಲಿ ಕಾಕಾ ಅವರೇ ಎಂಟರ್ ಒತ್ತಿದ್ದಾರೆ. ಒಂದು ಸಿಕ್ಕಿತು.

ಇನ್ನೊಂದು ಸಿಕ್ಕಿದ್ದು ‘ಸವಿರುಚಿ’ಯ ಮುಂದೆ. ‘ಸವಿರುಚಿಯನು’ ಎಂಬುದು ಒಂದೇ ಶಬ್ದ. ಮೊಬೈಲಿಗೆ ಜಾಗ ಸಾಲದಿದ್ದರೆ ಅದು ಶಬ್ದವನ್ನು ಇಡಿಯಾಗಿ ಕೆಳಗೆ ತಳ್ಳುತ್ತಿತ್ತೇ ಹೊರತು ‘ಯನು’ ಎಂಬ ಬಾಲವನ್ನಷ್ಟೇ ಕತ್ತರಿಸಿ ಇಳಿಸುತ್ತಿರಲಿಲ್ಲ. ಕತ್ತರಿಸಿದವನು ಮನುಷ್ಯ. ಹುಡುಗ ಇದನ್ನು ಉಲ್ಟಾ ಓದಿದ್ದ. “ಶಬ್ದನ ಮುರದೈತಲ್ರಿ, ಅದು ಮೊಬೈಲಿಂದೇ ಕೆಲಸ. ಮನಷ್ಯಾರು ಹಂಗ ಮುರೀತಾರೇನ್ರಿ?” ಎಂದು ‘ಸವಿರುಚಿಯನು’ ಕೂಡಿಸಿಬಿಟ್ಟಿದ್ದ. ಮನುಷ್ಯರು ಹಾಗೆ ಮುರಿಯುತ್ತಾರೆ. ಷಟ್ಪದಿ ಬರೆಯುವ ಮನುಷ್ಯರಂತೂ ದಿನವೂ ಮುರಿಯುತ್ತಾರೆ.

ಏಳು ಕಡೆ ಮುರಿತ, ಪಟ್ಟಿ ಹಿಡಿದು ಅಳೆದು ತೀರ್ಮಾನವಾದದ್ದು ಎರಡೇ. ಉಳಿದ ಐದರಲ್ಲಿ ಅಳತೆ ಸುಮ್ಮನಾಯಿತು. ಸುಮ್ಮನಾಗುವುದು ಸಹಜವೂ ಹೌದು. ಭಾಮಿನಿಯ ಗಿಡ್ಡ ಪಾದಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ. ಆ ಉದ್ದವೂ ದೊಡ್ಡಕ್ಷರದ ಮೊಬೈಲಿನ ಅಗಲವೂ ಅಕಸ್ಮಾತ್ತಾಗಿ ಒಂದಕ್ಕೊಂದು ಹೊಂದಿಕೊಂಡರೆ ಪದ್ಯವೂ ಪರದೆಗೆ ಸುತ್ತಿದ ಗದ್ಯದಂತೆಯೇ ಕಾಣುತ್ತದೆ. ಕೆಲವು ಕಡೆ ಈ ಪರೀಕ್ಷೆ ಪೂರಾ ಕೈಕೊಡುವುದೂ ಉಂಟು. ಈಗೀಗ ಸಾಲುಗಳನ್ನು ಒಂದರ ಕೆಳಗೊಂದು ಸಮತೂಕವಾಗಿ ಕಾಣುವಂತೆ ಮುರಿಯುವ ತಂತ್ರಾಂಶಗಳಿವೆ. ಅವು ಜಾಗ ಇದ್ದರೂ ಚೆಂದಕ್ಕಾಗಿ ಶಬ್ದವನ್ನು ಕೆಳಗಿಳಿಸುತ್ತವೆ. ಶೀರ್ಷಿಕೆಗಳಲ್ಲಿ ಇದು ಹೆಚ್ಚು. ಅಲ್ಲಿ ಖಾಲಿ ಜಾಗ ಕಂಡ ಮಾತ್ರಕ್ಕೆ ಎಂಟರ್ ಎಂದು ತೀರ್ಪು ಕೊಡುವಂತಿಲ್ಲ.

ಆದರೆ ಪದ್ಯಕ್ಕೆ ತನ್ನದೇ ಸಾಕ್ಷಿ ಉಂಟು. ಷಟ್ಪದಿಯ ಆರೂ ಪಾದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಸಾಲಿಯಲ್ಲಿ ಆದಿಪ್ರಾಸ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ದಿನ ಮರೆತದ್ದು ಇದೇ. ಕಾಕಾ ಅವರ ಪದ್ಯದಲ್ಲಿ ಚಿತ್ರದ ಸಾಲುಗಳ ಮೊದಲ ಶಬ್ದಗಳನ್ನಷ್ಟೇ ನೋಡಿ: ಮನೆಯ, ಜನರು, ದಿನದ, ಬಂದಿಳಿದು, ಮನದಣಿಯೆ, ಯನು, ಕನಸು, ದಯಮಾಡಿ. ಎಂಟರಲ್ಲಿ ಆರು ಕಡೆ ಎರಡನೆಯ ಅಕ್ಷರ ನಕಾರ. ‘ಬಂದಿಳಿದು’ವಿನಲ್ಲಿ ದಕಾರ, ‘ದಯಮಾಡಿ’ಯಲ್ಲಿ ಯಕಾರ. ಇವೆರಡೂ ಪಾದದ ತಲೆಯಲ್ಲಿ ನಿಲ್ಲುವ ಯೋಗ್ಯತೆ ಇಲ್ಲದವು, ಮೇಲಿನ ಸಾಲಿನ ಬಾಲಗಳು. ‘ಯನು’ ಎಂಬ ತುಂಡು ಯಾಕೆ ತಲೆಯೆತ್ತಿ ಬೇರೆ ಸಾಲಿನಲ್ಲಿ ನಿಂತಿತೆಂಬುದೂ ಈಗ ತಿಳಿಯಿತು. ಕಾಕಾ ಅವರಿಗೆ ಅಲ್ಲೊಂದು ನಕಾರ ಬೇಕಿತ್ತು, ಶಬ್ದದ ಹೊಟ್ಟೆ ಸೀಳಿ ತೆಗೆದರು.

ಪ್ರಾಸವೊಂದನ್ನೇ ನಂಬಿದರೂ ಕೆಡಬಹುದು. ಕೊನೆಯ ಪಾದದಲ್ಲಿ ‘ಕನಸು’ ಆದಮೇಲೆ ‘ನನಸಾದೆಮ್ಮ’ ಎಂದಿದೆ. ಅಲ್ಲೂ ಎರಡನೆಯದು ನಕಾರ. ಮೊಬೈಲು ಇನ್ನಷ್ಟು ಇಕ್ಕಟ್ಟಾಗಿದ್ದು ಅಲ್ಲಿ ಮುರಿದಿದ್ದರೆ ಅದೂ ಪಾದವೆಂದೇ ತೋರುತ್ತಿತ್ತು. ಅದಕ್ಕೇ ಮಾತ್ರೆ ಎಣಿಸಬೇಕು. ಗಿಡ್ಡ ಅಕ್ಷರ ಒಂದು ಮಾತ್ರೆ. ದೀರ್ಘ, ಅನುಸ್ವಾರ, ಒತ್ತಕ್ಷರದ ಹಿಂದಿನದು ಎರಡು ಮಾತ್ರೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 3, 4, 3, 4, ಒಟ್ಟು 14. ಮೂರು ಮತ್ತು ಆರನೆಯವಕ್ಕೆ 3, 4, 3, 4, 3, 4, ಮೇಲೊಂದು ಗುರು, ಒಟ್ಟು 23. ಮನೆಯ (3), ಕಟ್ಟಿದೆ (4), ವಿಂದು (3), ಹರುಷದಿ (4): 14 ಸರಿಹೋಯಿತು. ಮೂರನೆಯದನ್ನು ಚಿತ್ರದಲ್ಲಿದ್ದಂತೆ ಎಣಿಸಿದರೆ ದಿನದ (3), ಮೊದಲೂ (4), ಟಕ್ಕೆ (3), ಕೋಟುಮ (4), ಚಗಿಗೆ (3), ಬರಿ 17. ಗಿಡ್ಡ ಪಾದಕ್ಕೆ ಹೆಚ್ಚು, ಉದ್ದ ಪಾದಕ್ಕೆ ಕಡಿಮೆ. ‘ಬಂದಿಳಿ’ ಎಂಬ 4 ಸೇರಿಸಿ, ಕೊನೆಯ ‘ದು’ವನ್ನು ಎಳೆದು ಗುರು ಮಾಡಿಕೊಂಡರೆ 23. ಪಾದದ ಕೊನೆಯ ಲಘುವನ್ನು ಗುರುವೆಂದು ಹಿಡಿಯುವ ರಿಯಾಯಿತಿ ಕವಿಗಳಿಗೆ ಹಿಂದಿನಿಂದ ಇದೆ, ಕಾಕಾ ಅದನ್ನು ಎರಡೂ ಕಡೆ ಪಡೆದುಕೊಂಡಿದ್ದರು. ಕೊನೆಯದೂ ಹಾಗೇ, ‘ಸಂಭ್ರಮಕೆಲ್ಲ’ದವರೆಗೆ 17, ‘ದಯಮಾಡಿ’ ಸೇರಿದರೆ 23. ಎಂಟು ಸಾಲು ಆರಾಯಿತು. ಬಂದಿಳಿದು, ದಯಮಾಡಿ ಎರಡೂ ಮೇಲೆ ಹತ್ತಿದವು.

ಹುಡುಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಅವನು ನಡುವೆ ಒಂದೇ ಪ್ರಶ್ನೆ ಕೇಳಿದ, ಒಳ್ಳೆಯ ಪ್ರಶ್ನೆ. “ಮೊದಲ ಬರಿಯವರಿಗೆ ಮೊಬೈಲ್ ಎಲ್ಲಿತ್ರಿ? ಸಾಲು ಎಲ್ಲಿ ಮುಗೀತಂತ ಗೊತ್ತಾಗದ ಹೆಂಗ ಓದತಿದ್ರು?”

ಮೊಬೈಲು ಇರಲಿಲ್ಲ, ತಾಳೆಗರಿ ಇತ್ತು. ಗರಿ ಮೊಬೈಲಿಗಿಂತ ಉದ್ದ, ಶಬ್ದವನ್ನು ನಡುವೆಯೂ ಮುರಿಯುತ್ತದೆ ಎಂಬುದು ಬಿಟ್ಟರೆ ಸಾಲಿನ ವಿಷಯದಲ್ಲಿ ಅದರ ಸ್ವಭಾವ ಇದೇ. ಕಂಠದಿಂದ ಕೊರೆದ ಅಕ್ಷರ ಗರಿಯ ಈ ತುದಿಯಿಂದ ಆ ತುದಿಗೆ ಓಡುತ್ತದೆ, ದಾರ ಪೋಣಿಸುವ ತೂತು ಬಂದರೆ ಪಕ್ಕಕ್ಕೆ ಸರಿಯುತ್ತದೆ, ತುದಿ ಮುಟ್ಟಿದಾಗ ಶಬ್ದದ ನಡುವಾದರೂ ಸರಿ ಕೆಳಗಿಳಿಯುತ್ತದೆ. ಒಂದು ಪಾದಕ್ಕೆ ಒಂದು ಸಾಲು ಎಂಬ ದುಂದುಗಾರಿಕೆ ಅಲ್ಲಿಲ್ಲ. ಪದ್ಯ ಮುಗಿದಲ್ಲಿ ಗೆರೆ, ಸಂಖ್ಯೆ, ಅಷ್ಟೇ. ಪಾದಗಳನ್ನು ಬಿಡಿಸುತ್ತಿದ್ದದ್ದು ಓದುವವನ ಕಿವಿ. ಗಮಕಿಗಳು ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು ಎಂದು ಮಾತ್ರೆಯ ನಡೆಯಿಂದಲೇ ತಿಳಿಯುತ್ತಿದ್ದರು. ಆರು ಪಾದಕ್ಕೆ ಆರು ಸಾಲು ಮಾಡಿ ಜೋಡಿಸಿಟ್ಟದ್ದು ಅಚ್ಚಿನ ಪುಸ್ತಕ. ತಾನು ಹಲಗೆ ಬಳಪ ಹಿಡಿಯದವನೆಂದು ಜಂಬ ಕೊಚ್ಚಿಕೊಂಡ ಕುಮಾರವ್ಯಾಸನಿಗೆ ಸಾಲು ಮುರಿಯುವ ತಾಪತ್ರಯ ಅಂಟಲೇ ಇಲ್ಲ. ಅವನ ಪಾಲಿನ ಎಂಟರ್ ಕೀಲಿಯನ್ನೆಲ್ಲ ನಾವೇ ಒತ್ತಿದ್ದೇವೆ.

ಕೋಟುಮಚಗಿಯಲ್ಲಿ ಇದಕ್ಕೂ ಹಳೆಯ ಒಂದು ಪರದೆ ಇದೆ. ಕಲ್ಯಾಣ ಚಾಲುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನ. ಆಗ ಈ ಊರು ವಿದ್ಯೆಗೆ ದತ್ತಿ ಇದ್ದ ಅಗ್ರಹಾರ. ಬೈದರೆ ಇಷ್ಟು, ಹೊಡೆದರೆ ಇಷ್ಟು, ಕತ್ತಿ ಹಿರಿದರೆ ಇಷ್ಟು ಎಂದು ದಂಡದ ದರಪಟ್ಟಿಯೂ ಅದರಲ್ಲಿದೆ. ಸಾಲು ಮುರಿದರೆ ದಂಡವಿಲ್ಲ, ಇದ್ದಿದ್ದರೆ ಮೊದಲು ಕಟ್ಟಬೇಕಾದವನು ಕಲ್ಲುಕುಟಿಗನೇ. ಹಳಗನ್ನಡದ ಶಾಸನಗಳಲ್ಲಿ ಶಬ್ದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ, ಸಾಲು ಮುಗಿಯುವುದು ಕಲ್ಲಿನ ಅಂಚಿನಲ್ಲಿ. ಶಬ್ದದ ಅರ್ಧ ಮೇಲೆ, ಅರ್ಧ ಕೆಳಗೆ. ಗದ್ಯದ ನಡುವೆ ಕಂದಪದ್ಯ ಬಂದರೂ ಕಲ್ಲಿಗೆ ಅದು ಗೊತ್ತಾಗುವುದಿಲ್ಲ.

ಶಾಸನ ಓದುವವರು ಈ ಮುರಿತಗಳನ್ನು ಏನು ಮಾಡುತ್ತಾರೆಂಬುದು ನನಗೆ ಬಹಳ ಹಿಡಿಸಿದ ವಿಷಯ. ಅವರು ಅಳಿಸುವುದಿಲ್ಲ. ಕಲ್ಲಿನ ಪ್ರತಿ ಸಾಲಿಗೂ ಸಂಖ್ಯೆ ಹಾಕುತ್ತಾರೆ, ಶಬ್ದ ತುಂಡಾದಲ್ಲಿ ಅಡ್ಡಗೆರೆ ಎಳೆಯುತ್ತಾರೆ. ಮಾತ್ರೆ ಎಣಿಸಿ ಇದು ಕಂದ, ಇದು ವೃತ್ತ ಎಂದು ಪತ್ತೆ ಹಚ್ಚಿ ಅಡಿಟಿಪ್ಪಣಿಯಲ್ಲಿ ಹೇಳುತ್ತಾರೆ. ಕಲ್ಲಿನಲ್ಲಿಲ್ಲದ ಪೂರ್ಣವಿರಾಮವನ್ನು ತಾವು ಸೇರಿಸಿದರೆ ಕಂಸದೊಳಗಿಟ್ಟು ನಕ್ಷತ್ರ ಹಾಕಿ ‘ಇದು ನನ್ನದು, ಕಲ್ಲಿನದಲ್ಲ’ ಎಂದು ಒಪ್ಪಿಕೊಳ್ಳುತ್ತಾರೆ. ಕಲ್ಲು ಮುರಿದದ್ದನ್ನೂ ಕವಿ ಮುರಿದದ್ದನ್ನೂ ಒಂದರ ಮೇಲೊಂದು ಬೀಳದಂತೆ ಎರಡನ್ನೂ ಉಳಿಸುತ್ತಾರೆ. ಕಲ್ಲಿನ ಸಾಲು ಅವರಿಗೆ ಬೇಕು. ನಾಳೆ ಕಲ್ಲಿನ ಮೂಲೆ ಚಕ್ಕೆ ಎದ್ದರೆ ಯಾವ ಅಕ್ಷರಗಳು ಹೋದವೆಂದು ಆ ಲೆಕ್ಕದಿಂದಲೇ ತಿಳಿಯುತ್ತದೆ, ಹನ್ನೆರಡನೆಯ ಸಾಲಿನ ಓದು ತಪ್ಪೆಂದು ಇನ್ನೊಬ್ಬ ವಿದ್ವಾಂಸ ವಾದಿಸಲಿಕ್ಕೂ ಹನ್ನೆರಡನೆಯ ಸಾಲೆಂಬುದು ಇರಬೇಕಲ್ಲ. ವಾಸ್ತುಶಾಂತಿಯ ಕಾರ್ಡಿಗೆ ಅಷ್ಟು ನಿಷ್ಠೆ ಬೇಡ. ಕಾಕಾ ಅವರ ಮೊಬೈಲು ಎಲ್ಲಿ ಮುರಿಯಿತೆಂದು ತಿಳಿಯಬೇಕಾದವರು ಯಾರೂ ಹುಟ್ಟಿಲ್ಲ. ಹುಟ್ಟಿದರೆ ಸ್ಕ್ರೀನ್‌ಶಾಟ್ ಇದ್ದೇ ಇದೆ.

ಇಷ್ಟಾದರೂ ಹುಡುಗನ ಕಷ್ಟ ಮುಗಿಯಲಿಲ್ಲ. ಆರು ಸಾಲು ಸರಿ, ಆದರೆ 23 ಮಾತ್ರೆಯ ಸಾಲು ಕಾರ್ಡಿನ ಅಗಲಕ್ಕೆ ಹಿಡಿಯುತ್ತಿಲ್ಲ. ಅಕ್ಷರ ಸಣ್ಣದು ಮಾಡಿದರೆ ಹಿರಿಯರಿಗೆ ಕಾಣದು, ದೊಡ್ಡದಿಟ್ಟರೆ ‘ಬಂದಿಳಿದು’ ಮತ್ತೆ ಕೆಳಗೆ ಜಾರುತ್ತದೆ. ಈಗ ಮುರಿಯುತ್ತಿರುವುದು ಕಾಗದ, ತಪ್ಪು ಯಾರದೂ ಅಲ್ಲ. ಅಚ್ಚಿನವರು ಇದಕ್ಕೆ ಹಳೆಯ ದಾರಿ ಕಂಡುಕೊಂಡಿದ್ದಾರೆ: ಜಾಗ ಸಾಲದೆ ಇಳಿದ ತುಂಡನ್ನು ಎಡ ಅಂಚಿಗೆ ತಾಗಿಸದೆ ಚೆನ್ನಾಗಿ ಒಳಗೆ ಸರಿಸಿ ಕೂಡಿಸುವುದು. ಅಂಚಿಗೆ ತಾಗಿದ್ದು ಹೊಸ ಪಾದ, ಒಳಸರಿದದ್ದು ಮೇಲಿನದರ ಬಾಲ. ಓದುವವನ ಕಣ್ಣಿಗೆ ಯಾರು ಮುರಿದದ್ದೆಂಬುದು ತಾನಾಗಿ ತಿಳಿಯುತ್ತದೆ. ಪದ್ಯವನ್ನು ನಡುವೆ ಕೂಡಿಸಿ ಜೋಡಿಸಿದರೆ ಈ ಉಪಾಯ ಸತ್ತಂತೆ, ಎಡ ಅಂಚೇ ಇಲ್ಲದ ಮೇಲೆ ಒಳಸರಿಯುವುದು ಎಲ್ಲಿಂದ? ಕಾರ್ಡಿನವರಿಗೆ ಎಲ್ಲವನ್ನೂ ನಡುವೆ ಕೂಡಿಸುವ ಚಟ. ಅವನಿಂದ ಪದ್ಯಕ್ಕಾದರೂ ಆ ಚಟ ಬಿಡಿಸಲು ನನಗೆ ಮಾತ್ರೆ ಕಲಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಪಾದಗಳ ನಡುವೆ ಬರಿಯ ಎಂಟರ್ ಬೇಡ, ಶಿಫ್ಟ್ ಹಿಡಿದು ಎಂಟರ್ ಒತ್ತು ಎಂದೆ. ಬರಿಯ ಎಂಟರಿಗೆ ಪ್ಯಾರಾ ಮುಗಿಯಿತೆಂದು ತಿಳಿದು ಕಂಪ್ಯೂಟರು ಪಾದಪಾದಕ್ಕೂ ನಡುವೆ ಗೇಣುದ್ದ ಜಾಗ ಬಿಡುತ್ತದೆ. ಅದು ಅವನಿಗೆ ಗೊತ್ತಿತ್ತು. “ಅದೆಲ್ಲ ಗೊತ್ತೈತ್ರಿ ಸರ, ಪ್ರಾಸ ಒಂದ ಗೊತ್ತಿದ್ದಿಲ್ಲ” ಎಂದ.

ಸಂಜೆ ಕಾಕಾ ಹೊಲದಿಂದ ಬಂದು ಫೋನು ಮಾಡಿದರು. ನಡೆದದ್ದೆಲ್ಲ ಹೇಳಿದೆ. “ಷಟ್ಪದಿ ಅಂದ ಮ್ಯಾಲ ಆರು ಅಂತ ಗೊತ್ತಿಲ್ಲೇನೋ ಅವಂಗ?” ಎಂದು ಆಕಡೆಯಿಂದ ಇಡೀ ಪದ್ಯ ಹಾಡಿ, ‘ದಯಮಾಡಿ’ಯ ‘ಡಿ’ಯನ್ನು ಉಸಿರು ಮುಗಿಯುವವರೆಗೆ ಎಳೆದರು. ಹುಡುಗನಿಗೂ ಅದನ್ನು ಕೇಳಿಸಿದೆ. ಅವನಿಗೆ ಭಾರೀ ಖುಷಿಯಾಗಿ, ತಾನು ಹೊಸದಾಗಿ ತೆರೆಯಲಿರುವ ಜೆರಾಕ್ಸ್ ಅಂಗಡಿಗೂ ಒಂದು ಪದ್ಯ ಬೇಕೆಂದ. ಒಂದೇ ಕರಾರು, ಯಾರ ಮೊಬೈಲಿನಲ್ಲೂ ಸಾಲು ಮುರಿಯಬಾರದು.

ಕಾಕಾ ಹಿಂದೆಮುಂದೆ ನೋಡಲಿಲ್ಲ. “ಹಂಗಾದ್ರ ಭಾಮಿನಿ ಬ್ಯಾಡ, ಶರ ಷಟ್ಪದಿ ಆಗಬೇಕು” ಎಂದರು. ಶರದಲ್ಲಿ ಗಿಡ್ಡ ಪಾದಕ್ಕೆ ನಾಲ್ಕು ಮಾತ್ರೆಯ ಎರಡು ಗಣ, ಒಟ್ಟು 8. ಉದ್ದ ಪಾದಕ್ಕೆ ಅಂಥವು ಮೂರು, ಮೇಲೊಂದು ಗುರು, ಒಟ್ಟು 14. ಅಂದರೆ ಶರದ ಅತಿ ಉದ್ದದ ಪಾದ ಭಾಮಿನಿಯ ಗಿಡ್ಡ ಪಾದದಷ್ಟೇ. ಕಾಕಾ ಅವರ ದೊಡ್ಡಕ್ಷರದ ಮೊಬೈಲಿನಲ್ಲೂ ಅದು ಒಂದೇ ಸಾಲಿಗೆ ಕೂರುತ್ತದೆ.

ಪದ್ಯ ಮಾತ್ರ ಇನ್ನೂ ಬಂದಿಲ್ಲ. ಅಂಗಡಿಯ ಕೆಲಸವೇ ಮೊದಲ ಶಬ್ದವಾಗಬೇಕೆಂದು ಹುಡುಗನ ಹಟ. ‘ಜೆರಾಕ್ಸ್’ ಎಂಬುದು ಲಘುವಿನ ಬೆನ್ನಿಗೆ ಗುರು ಹೊತ್ತುಕೊಂಡು ಹುಟ್ಟಿದ ಶಬ್ದ, ಷಟ್ಪದಿಯ ಗಣ ಹಾಗೆ ಶುರುವಾಗುವಂತಿಲ್ಲ. ‘ಝರಾಕ್ಸು’ ಅಂದರೂ ಅಷ್ಟೇ, ‘ಜೇರಾಕ್ಸು’ ಅಂದರೆ ಮಾತ್ರೆ ಮಿಗುತ್ತದೆ. ‘ನೆರಳಚ್ಚು’ ಎಂದು ಬರೆಯಲೇ ಎಂದು ಕಾಕಾ ಕೇಳಿಸಿದ್ದಾರೆ. ಹುಡುಗ ಗಿರಾಕಿಗಳು ಬರುವುದಿಲ್ಲ ಎನ್ನುತ್ತಿದ್ದಾನೆ.